ಬಿಂದುವಿನಿಂದ ಗೆರೆಗೆ ಎಷ್ಟು ದೂರ? ಮೊದಲು ವಿಸ್ತೀರ್ಣ ಲೆಕ್ಕ ಹಾಕಿ

ಪ್ರಥಮ ಪಿಯುಸಿ ಗಣಿತದಲ್ಲಿ ಈ ಸೂತ್ರ ಬರುತ್ತದೆ:

d = |ax + by + c| / √(a² + b²)

ಇದನ್ನು ಬಾಯಿಪಾಠ ಮಾಡಿದವರು ತುಂಬ ಜನ. ಮೇಲಿರುವ ಸಂಖ್ಯೆ ಏನನ್ನು ಅಳೆಯುತ್ತದೆ, ಕೆಳಗೆ ವರ್ಗಮೂಲ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಉತ್ತರ ಚಿಕ್ಕದು. ಮೇಲಿರುವುದು ಒಂದು ತ್ರಿಭುಜದ ವಿಸ್ತೀರ್ಣದ ಎರಡರಷ್ಟು, ಕೆಳಗಿರುವುದು ಅದೇ ತ್ರಿಭುಜದ ಪಾದದ ಉದ್ದ. ವಿಸ್ತೀರ್ಣ ಎಂದರೆ ಪಾದ ಗುಣಿಸು ಎತ್ತರದ ಅರ್ಧ ಅಲ್ವಾ? ಹಾಗಾಗಿ ವಿಸ್ತೀರ್ಣದ ಎರಡರಷ್ಟನ್ನು ಪಾದದಿಂದ ಭಾಗಿಸಿದರೆ ಎತ್ತರ ಸಿಗುತ್ತದೆ. ಬಿಂದುವಿನಿಂದ ಗೆರೆಗಿರುವ ದೂರ ಅಂದರೆ ಆ ಎತ್ತರವೇ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೊದಲು ದೂರ ಕಂಡುಹಿಡಿದು ಆಮೇಲೆ ವಿಸ್ತೀರ್ಣಕ್ಕೆ ಹೋಗುತ್ತವೆ. ನನ್ನ ಪ್ರಕಾರ ಉಲ್ಟಾ ದಾರಿಯೇ ಸಲೀಸು. ವಿಸ್ತೀರ್ಣಕ್ಕೆ ವರ್ಗಮೂಲ ಬೇಡ, ಬರೀ ಕಳೆಯುವುದು ಮತ್ತು ಗುಣಿಸುವುದು ಸಾಕು. ದೂರ ಬೇಕಾದರೆ ಕೊನೆಯಲ್ಲಿ ಒಂದೇ ಒಂದು ಸಲ ಭಾಗಿಸಿದರಾಯಿತು. ಒಂದು ಉದಾಹರಣೆಯನ್ನು ಹಿಡಿದು ಕೊನೆಯವರೆಗೂ ಹೋಗೋಣ. ಗ್ರಾಫ್ ಹಾಳೆ ಇದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೂರು ಬಿಂದು, ಒಂದು ಆಯತ

A(1, 2), B(7, 10), P(9, 3) ಎಂಬ ಮೂರು ಬಿಂದುಗಳನ್ನು ಗುರುತಿಸಿ. A ಮತ್ತು B ಮೂಲಕ ಒಂದು ಸರಳರೇಖೆ ಎಳೆಯಿರಿ. P ಯಿಂದ ಆ ರೇಖೆಗೆ ಎಷ್ಟು ದೂರ ಎನ್ನುವುದು ಪ್ರಶ್ನೆ. ದೂರ ಅಂದರೆ ಇಲ್ಲಿ ಲಂಬದೂರ, ಅಂದರೆ ರೇಖೆಗೆ 90 ಡಿಗ್ರಿಯಲ್ಲಿ ಹೋಗಿ ಮುಟ್ಟುವ ದಾರಿಯ ಉದ್ದ. ಓರೆಯಾಗಿ ಹೋದ ಯಾವ ದಾರಿಯೂ ಅದಕ್ಕಿಂತ ಉದ್ದವೇ.

ಮೊದಲ ಕೆಲಸ, A ಯನ್ನು ಮೂಲಬಿಂದುವಿಗೆ ತರುವುದು. ಮೂರೂ ಬಿಂದುಗಳಿಂದ A ಯ ನಿರ್ದೇಶಾಂಕಗಳನ್ನು ಕಳೆಯಿರಿ. A ಈಗ (0, 0), B ಈಗ (6, 8), P ಈಗ (8, 1). ಇಡೀ ಚಿತ್ರ ಜಾರಿ ಬೇರೆ ಜಾಗಕ್ಕೆ ಬಂತು ಅಷ್ಟೇ, ಆಕಾರವೂ ಅಳತೆಯೂ ಬದಲಾಗಲಿಲ್ಲ.

ಈಗ ಈ ತ್ರಿಭುಜವನ್ನು ಒಂದು ಆಯತದೊಳಗೆ ಕೂರಿಸಿ. ಅಡ್ಡಕ್ಕೆ 0 ಯಿಂದ 8, ಮೇಲಕ್ಕೆ 0 ಯಿಂದ 8. ನಮ್ಮ ಸಂಖ್ಯೆಗಳಿಗೆ ಅದು ಚೌಕವೇ ಆಗಿದೆ, ವಿಸ್ತೀರ್ಣ 64. ತ್ರಿಭುಜದ ಹೊರಗೆ, ಚೌಕದ ಒಳಗೆ ಮೂರು ಲಂಬಕೋನ ತ್ರಿಭುಜಗಳು ಉಳಿಯುತ್ತವೆ. ಎಡ ಮೇಲ್ಭಾಗದ್ದು 6 ಮತ್ತು 8 ಬಾಹುಗಳದ್ದು, ಅದರ ವಿಸ್ತೀರ್ಣ 24. ಬಲ ಮೇಲ್ಭಾಗದ್ದು 2 ಮತ್ತು 7 ರದ್ದು, ವಿಸ್ತೀರ್ಣ 7. ಕೆಳಗಿನ ತೆಳು ತುಂಡು 8 ಮತ್ತು 1 ರದ್ದು, ವಿಸ್ತೀರ್ಣ 4. ಮೂರೂ ಸೇರಿ 35. ಚೌಕದಿಂದ ಕಳೆದರೆ 64 − 35 = 29.

ತ್ರಿಭುಜದ ವಿಸ್ತೀರ್ಣ 29 ಚದರ ಮಾನ. ಸೂತ್ರ ಬೇಕಾಗಲಿಲ್ಲ, ವರ್ಗಮೂಲವೂ ಬೇಕಾಗಲಿಲ್ಲ.

ಇದೇ ಕೆಲಸವನ್ನು ಅಕ್ಷರಗಳಲ್ಲಿ ಮಾಡಿ ನೋಡಿ. ಜಾರಿಸಿದ ಮೇಲೆ B ಯನ್ನು (p, q) ಎಂದೂ P ಯನ್ನು (r, s) ಎಂದೂ ಕರೆಯೋಣ. ಆಯತ r ಗುಣಿಸು q. ಅದರಿಂದ ಮೂರು ತುಂಡುಗಳನ್ನು ಕಳೆಯಿರಿ:

rq − pq/2 − (r − p)(q − s)/2 − rs/2

ಆವರಣ ಬಿಡಿಸಿದರೆ pq ಇರುವ ಪದಗಳು ಪರಸ್ಪರ ಹೊಡೆದುಹೋಗುತ್ತವೆ, rs ಇರುವವೂ ಹೋಗುತ್ತವೆ. ಉಳಿಯುವುದು (rq − ps)/2. ಅಂದರೆ ವಿಸ್ತೀರ್ಣದ ಎರಡರಷ್ಟು ಇಷ್ಟೇ:

2 × ವಿಸ್ತೀರ್ಣ = |ps − qr|

ನಮ್ಮ ಸಂಖ್ಯೆಗಳನ್ನು ಹಾಕಿ: 6 × 1 − 8 × 8 = 6 − 64 = −58. ಚಿಹ್ನೆ ಬಿಟ್ಟರೆ 58, ಅರ್ಧ 29. ಆಯತದ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಬಿಂದುಗಳು ಬೇರೆ ರೀತಿ ಕೂತಿದ್ದರೆ ಆಯತದ ತುಂಡುಗಳ ಆಕಾರ ಬದಲಾಗುತ್ತದೆ, ಆದರೆ ಕೊನೆಗೆ ಬರುವುದು ಇದೇ ಪದ. ದ್ವಿತೀಯ ಪಿಯುಸಿಯಲ್ಲಿ ಡಿಟರ್ಮಿನೆಂಟ್ ಬಳಸಿ ತ್ರಿಭುಜದ ವಿಸ್ತೀರ್ಣ ಹೇಳಿಕೊಡುತ್ತಾರಲ್ಲ, ಅಲ್ಲಿ ಮೂರು ಸಾಲು ಮೂರು ಕಂಬದ ಕೋಷ್ಟಕ ಬಿಡಿಸಿದ ಮೇಲೆ ಸಿಗುವುದೂ ಇದೇ.

58 ರಿಂದ ದೂರಕ್ಕೆ

ಇನ್ನು ಒಂದೇ ಹೆಜ್ಜೆ. ಪಾದ AB ಯ ಉದ್ದ √(6² + 8²) = √100 = 10. ದೂರ = 58 ÷ 10 = 5.8.

ಉತ್ತರ ಬಂತು ಎಂದು ಪೆನ್ನು ಕೆಳಗಿಡುವ ಮೊದಲು ಒಂದು ಸಣ್ಣ ತಾಳೆ ನೋಡಿ. P ಯಿಂದ A ಗೆ ನೇರ ದೂರ √65, ಸುಮಾರು 8.06. P ಯಿಂದ B ಗೆ √53, ಸುಮಾರು 7.28. ಲಂಬದೂರ ಇವೆರಡಕ್ಕಿಂತ ಜಾಸ್ತಿ ಆಗೋಕೆ ಸಾಧ್ಯವೇ ಇಲ್ಲ. 5.8 ಎರಡಕ್ಕಿಂತಲೂ ಕಡಿಮೆ ಇದೆ, ಸರಿ. ನಿಮ್ಮ ಉತ್ತರ 11.6 ಎಂದು ಬಂದಿದ್ದರೆ ಎಲ್ಲೋ ಎರಡರಿಂದ ಗುಣಿಸುವುದೋ ಭಾಗಿಸುವುದೋ ತಪ್ಪಿದೆ ಎಂದು ಇಲ್ಲೇ ಗೊತ್ತಾಗುತ್ತದೆ.

ಅದೇ 58 ರಿಂದ ಉಳಿದ ಎರಡು ಎತ್ತರಗಳೂ ಸಿಗುತ್ತವೆ. B ಯಿಂದ AP ರೇಖೆಗೆ 58 ÷ 8.06, ಸುಮಾರು 7.19. A ಯಿಂದ BP ರೇಖೆಗೆ 58 ÷ 7.28, ಸುಮಾರು 7.97. ಉದ್ದ ಬಾಹುವಿಗೆ ಚಿಕ್ಕ ಎತ್ತರ, ಚಿಕ್ಕ ಬಾಹುವಿಗೆ ದೊಡ್ಡ ಎತ್ತರ. ಇದು ಉಲ್ಟಾ ಬಂದರೆ ಸಂಖ್ಯೆಗಳು ಅದಲುಬದಲಾಗಿವೆ ಎಂದರ್ಥ.

ಹಾಗಾದರೆ ಆ ಸೂತ್ರ ಎಲ್ಲಿ ಬರುತ್ತದೆ?

AB ರೇಖೆಯ ಮೇಲಿನ ಯಾವುದೇ ಬಿಂದು (x, y) ತೆಗೆದುಕೊಳ್ಳಿ. A, B ಮತ್ತು ಆ ಬಿಂದು ಒಂದೇ ಗೆರೆಯಲ್ಲಿರುವುದರಿಂದ ಅವು ಕಟ್ಟುವ ತ್ರಿಭುಜದ ವಿಸ್ತೀರ್ಣ ಸೊನ್ನೆ. ಮೇಲಿನ ಪದವನ್ನೇ ಸೊನ್ನೆಗೆ ಸಮ ಮಾಡಿ:

8(x − 1) − 6(y − 2) = 0, ಅಂದರೆ 8x − 6y + 4 = 0

ರೇಖೆಯ ಸಮೀಕರಣ ಎಂದು ನಾವು ಬರೆಯುವುದು ಇದನ್ನೇ. "ಇಲ್ಲಿ ವಿಸ್ತೀರ್ಣ ಸೊನ್ನೆ" ಎನ್ನುವ ಹೇಳಿಕೆ ಅದು. ರೇಖೆಯ ಮೇಲಿಲ್ಲದ P ಯನ್ನು ಹಾಕಿದರೆ ಸೊನ್ನೆ ಬರಲ್ಲ: 8 × 9 − 6 × 3 + 4 = 72 − 18 + 4 = 58. ಮತ್ತೆ ಅದೇ ಸಂಖ್ಯೆ. ಕೆಳಗಿನ √(8² + 6²) ಏನು? ಅದೇ 10, AB ಯ ಉದ್ದ.

ಈಗ ಜಾಗ್ರತೆ ಬೇಕಾದ ಜಾಗ. ಪರೀಕ್ಷೆಯಲ್ಲಿ ಯಾರೂ 8x − 6y + 4 = 0 ಎಂದು ಬಿಡುವುದಿಲ್ಲ, ಎರಡರಿಂದ ಭಾಗಿಸಿ 4x − 3y + 2 = 0 ಎಂದು ಬರೆಯುತ್ತಾರೆ. P ಹಾಕಿದರೆ 36 − 9 + 2 = 29. ಕೆಳಗೆ √(16 + 9) = 5. ದೂರ 29 ÷ 5 = 5.8. ದೂರ ಬದಲಾಗಲಿಲ್ಲ, ಏಕೆಂದರೆ ಮೇಲೂ ಕೆಳಗೂ ಎರಡರಿಂದಲೇ ಭಾಗಿಸಿದ್ದೇವೆ. ಆದರೆ ಮೇಲಿನ 29 ಈಗ ABP ವಿಸ್ತೀರ್ಣದ ಎರಡರಷ್ಟು ಅಲ್ಲ. ಅದು ವಿಸ್ತೀರ್ಣಕ್ಕೇ ಸಮ ಬಂದಿದೆ, ಹೀಗೆ ಬಂದದ್ದು ಕಾಕತಾಳೀಯ. ಭಾಗಿಸಿದ ಸಂಖ್ಯೆ 2 ಆಗಿದ್ದರಿಂದ ಹಾಗಾಯಿತು. 3 ರಿಂದಲೋ 5 ರಿಂದಲೋ ಭಾಗಿಸುವ ರೇಖೆ ಸಿಕ್ಕಿದ್ದರೆ ಈ ಹೊಂದಾಣಿಕೆ ಇರುತ್ತಿರಲಿಲ್ಲ. ಇದನ್ನು ನಿಯಮ ಅಂದುಕೊಂಡು ಮುಂದಿನ ಲೆಕ್ಕಕ್ಕೆ ಹಚ್ಚಬೇಡಿ. ವಿಸ್ತೀರ್ಣ ಬೇಕಿದ್ದರೆ ಸಮೀಕರಣವನ್ನು ಸರಳ ಮಾಡುವ ಮೊದಲೇ ಬೆಲೆ ಕಂಡುಕೊಳ್ಳಿ, ಇಲ್ಲವೇ ದೂರ ಕಂಡುಹಿಡಿದು ನಿಜವಾದ AB ಉದ್ದದಿಂದ ಗುಣಿಸಿ ಅರ್ಧ ಮಾಡಿ: 10 × 5.8 ÷ 2 = 29.

ಸರಳ ಮಾಡಿದ ಸಮೀಕರಣದ 29 ಗೂ ಒಂದು ಅರ್ಥ ಇದೆ. ರೇಖೆಯ ಮೇಲೆ A ಯಿಂದ ಹೊರಟು ಅಡ್ಡಕ್ಕೆ 3, ಮೇಲಕ್ಕೆ 4 ನಡೆದರೆ (4, 6) ಎಂಬ ಬಿಂದು ಸಿಗುತ್ತದೆ. A ಯಿಂದ ಅಲ್ಲಿಗೆ ಉದ್ದ 5. ಆ 5 ರ ಪಾದದ ಮೇಲೆ P ಯನ್ನು ಶೃಂಗ ಮಾಡಿ ನಿಲ್ಲಿಸಿದ ತ್ರಿಭುಜದ ಎರಡರಷ್ಟು ವಿಸ್ತೀರ್ಣವೇ ಈ 29. ಯಾವ ರೇಖೆ ಕೊಟ್ಟರೂ ಸಮೀಕರಣದಲ್ಲೇ ಒಂದು ಪಾದ ಅಡಗಿರುತ್ತದೆ, ಅಡ್ಡಕ್ಕೆ b, ಕೆಳಕ್ಕೆ a ನಡೆಯುವ ತುಂಡು. ಅದರ ಉದ್ದ √(a² + b²). ಸೂತ್ರದ ಕೆಳಗಿನ ವರ್ಗಮೂಲದ ಕಥೆ ಇಷ್ಟೇ. c ಗೆ ಅಲ್ಲಿ ಜಾಗ ಯಾಕಿಲ್ಲ ಎನ್ನುವುದೂ ಇದರಿಂದ ಗೊತ್ತಾಗುತ್ತದೆ. c ರೇಖೆ ಎಲ್ಲಿ ಕೂತಿದೆ ಎಂದು ಮಾತ್ರ ಹೇಳುತ್ತದೆ, ಪಾದದ ಉದ್ದವನ್ನು ಮುಟ್ಟುವುದಿಲ್ಲ. √(a² + b² + c²) ಎಂದು ಬರೆಯುವವರು ಸಾಕಷ್ಟು ಮಂದಿ.

ಇನ್ನೊಂದು ಪದೇಪದೇ ಆಗುವ ತಪ್ಪು, ಸಮೀಕರಣವನ್ನು y = mx + c ರೂಪದಲ್ಲೇ ಬಿಟ್ಟು ಅಂಕಿ ಹಾಕುವುದು. ಎಲ್ಲವನ್ನೂ ಒಂದು ಕಡೆ ತಂದು, ಇನ್ನೊಂದು ಕಡೆ ಸೊನ್ನೆ ಉಳಿಸಿ. ಆಮೇಲೆ A ಮತ್ತು B ಎರಡನ್ನೂ ಹಾಕಿ ನೋಡಿ. 4 − 6 + 2 = 0, 28 − 30 + 2 = 0. ಎರಡೂ ಸೊನ್ನೆ ಬಂದರೆ ಮಾತ್ರ P ಯನ್ನು ಹಾಕಿ. ಒಂದಕ್ಕೆ ಸೊನ್ನೆ ಬಂದು ಇನ್ನೊಂದಕ್ಕೆ ಬರದಿದ್ದರೆ a, b ಗಳಲ್ಲಿ ಬೆಲೆಯೋ ಚಿಹ್ನೆಯೋ ತಪ್ಪಿರುತ್ತದೆ. ಎರಡಕ್ಕೂ ಸೊನ್ನೆಯ ಬದಲು ಒಂದೇ ಸಂಖ್ಯೆ ಬಂದರೆ c ತಪ್ಪು.

ಚಿಹ್ನೆಯನ್ನು ಎಸೆಯಬೇಡಿ

ಮಾಡ್ಯುಲಸ್ ಹಾಕಿ ಚಿಹ್ನೆ ಅಳಿಸುವುದು ಕೊನೆಯ ಹೆಜ್ಜೆ ಆಗಿರಲಿ. 4x − 3y + 2 ಎಂಬ ಪದಕ್ಕೆ P ಯಲ್ಲಿ +29 ಬರುತ್ತದೆ, ಮೂಲಬಿಂದುವಿನಲ್ಲಿ +2. ಎರಡೂ ಧನ, ಹಾಗಾಗಿ P ಮತ್ತು ಮೂಲಬಿಂದು ರೇಖೆಯ ಒಂದೇ ಮಗ್ಗುಲಲ್ಲಿವೆ. (1, 9) ಹಾಕಿದರೆ 4 − 27 + 2 = −21. ಅದು ಆಚೆ ಮಗ್ಗುಲು.

ಚತುರ್ಭುಜದ ವಿಸ್ತೀರ್ಣ ಹುಡುಕುವಾಗ ಇದು ಕೈಗೆ ಬರುತ್ತದೆ. ಒಂದು ಕರ್ಣವನ್ನು ಪಾದ ಮಾಡಿ, ಉಳಿದ ಎರಡು ಶೃಂಗಗಳ ಲಂಬದೂರ ತೆಗೆಯುತ್ತೀರಿ. ಚಿಹ್ನೆಗಳು ಬೇರೆ ಬೇರೆ ಇದ್ದರೆ ಎರಡು ತ್ರಿಭುಜಗಳು ಕರ್ಣದ ಆಚೀಚೆ ಇವೆ, ವಿಸ್ತೀರ್ಣಗಳನ್ನು ಕೂಡಿಸಿ. ಒಂದೇ ಚಿಹ್ನೆ ಇದ್ದರೆ ಒಂದು ಮೂಲೆ ಒಳಕ್ಕೆ ಬಾಗಿದೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಚಿಹ್ನೆ ಅಳಿಸಿ ಕೂತವರಿಗೆ ಇದು ಕಾಣಿಸುವುದೇ ಇಲ್ಲ.

ಲಂಬ ಎಲ್ಲಿ ಬಿದ್ದಿದೆ?

ದೂರ ಗೊತ್ತಾದರೂ ಲಂಬ ರೇಖೆಯನ್ನು ಎಲ್ಲಿ ಮುಟ್ಟುತ್ತದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಇನ್ನೊಂದು ಸಣ್ಣ ಗುಣಾಕಾರ ಇದೆ. ಜಾರಿಸಿದ ನಿರ್ದೇಶಾಂಕಗಳಲ್ಲಿ ಈ ಸಲ ಅಡ್ಡವನ್ನು ಅಡ್ಡಕ್ಕೆ, ಮೇಲನ್ನು ಮೇಲಕ್ಕೆ ಗುಣಿಸಿ ಕೂಡಿ: 6 × 8 + 8 × 1 = 56. ಇದನ್ನು AB ಉದ್ದದ ವರ್ಗ 100 ರಿಂದ ಭಾಗಿಸಿ: 0.56. A ಯಿಂದ B ಕಡೆಗೆ 56 ಶೇಕಡ ದಾರಿ ನಡೆದರೆ ಲಂಬದ ಬುಡ ಸಿಗುತ್ತದೆ ಎಂದರ್ಥ. A ಗೆ 0.56 × 6 = 3.36 ಮತ್ತು 0.56 × 8 = 4.48 ಕೂಡಿಸಿದರೆ (4.36, 6.48). ರೇಖೆಯ ಸಮೀಕರಣದಲ್ಲಿ ಹಾಕಿ ನೋಡಿ: 17.44 − 19.44 + 2 = 0. ಸರಿ ಇದೆ.

ಈ 0.56 ಎನ್ನುವ ಸಂಖ್ಯೆ 0 ಮತ್ತು 1 ರ ನಡುವೆ ಇದ್ದರೆ ಲಂಬ A ಮತ್ತು B ನಡುವೆ ಬಿದ್ದಿದೆ. ಹೊರಗೆ ಹೋದರೆ? ಇನ್ನೊಂದು ಬಿಂದು Q(12, 10) ತೆಗೆದುಕೊಳ್ಳಿ. ಜಾರಿಸಿದರೆ (11, 8). 6 × 11 + 8 × 8 = 130, ನೂರರಿಂದ ಭಾಗಿಸಿದರೆ 1.3. ಲಂಬದ ಬುಡ B ದಾಟಿ ಆಚೆ, (8.8, 12.4) ರಲ್ಲಿ ಬೀಳುತ್ತದೆ. ಸಮೀಕರಣದಲ್ಲಿ Q ಹಾಕಿದರೆ 48 − 30 + 2 = 20, ಐದರಿಂದ ಭಾಗಿಸಿದರೆ ದೂರ 4.

AB ಎರಡೂ ಕಡೆ ಕೊನೆಯಿಲ್ಲದ ರೇಖೆ ಆಗಿದ್ದರೆ ಉತ್ತರ 4. AB ಬರೀ ಆ ತುಂಡು ಮಾತ್ರ ಆಗಿದ್ದರೆ, ಉದಾಹರಣೆಗೆ ಒಂದು ಗೋಡೆಯೋ ಪೈಪೋ ಆಗಿದ್ದರೆ, ಹತ್ತಿರದ ಜಾಗ B ಯೇ. ಅಲ್ಲಿಗೆ Q ಯಿಂದ ದೂರ 5. ಒಂದು ಮಾನ ವ್ಯತ್ಯಾಸ ಬಂತು ನೋಡಿ. ಮನೆಯಿಂದ ಹತ್ತಿರದ ನೀರಿನ ಪೈಪಿಗೆ ಎಷ್ಟು ದೂರ ಎಂದು ಲೆಕ್ಕ ಹಾಕುವಾಗ ಸೂತ್ರ ಕೊಡುವ 4 ನ್ನು ನಂಬಿದರೆ ಪೈಪು ಮುಟ್ಟುವುದಿಲ್ಲ.

ಆದರೆ ABQ ತ್ರಿಭುಜದ ವಿಸ್ತೀರ್ಣಕ್ಕೆ ಬೇಕಾದ ಎತ್ತರ 4 ಮಾತ್ರ, 5 ಅಲ್ಲ. 10 × 4 ÷ 2 = 20. ಲಂಬ ತ್ರಿಭುಜದ ಹೊರಗೆ ಬಿದ್ದರೂ ವಿಸ್ತೀರ್ಣದ ಲೆಕ್ಕ ಅಲುಗುವುದಿಲ್ಲ. ವಿಶಾಲಕೋನ ತ್ರಿಭುಜದಲ್ಲಿ ಪಾದವನ್ನು ಚುಕ್ಕೆ ಗೆರೆಯಲ್ಲಿ ಮುಂದಕ್ಕೆ ಎಳೆದು ಲಂಬ ಬಿಡುತ್ತಾರಲ್ಲ, ಅದು ಇದೇ ಸಂದರ್ಭ.

ಹೊಲದಲ್ಲಿ ಟೇಪು ಹಿಡಿದಾಗ

ಜಮೀನು ಅಳೆಯುವ ಹಳೆಯ ಕ್ರಮ ನಿಂತಿರುವುದೇ ಈ ಲೆಕ್ಕದ ಮೇಲೆ. ಎರಡು ಮೂಲೆಗಳ ನಡುವೆ ನೇರ ಗೆರೆ ಹಿಡಿಯುವುದು, ಉಳಿದ ಮೂಲೆಗಳಿಂದ ಆ ಗೆರೆಗೆ ಲಂಬವಾಗಿ ಅಳೆಯುವುದು. ಈ ಲಂಬದ ಅಳತೆಗೆ ಸರ್ವೇಯರುಗಳು ಆಫ್‌ಸೆಟ್ ಅನ್ನುತ್ತಾರೆ.

ನಮ್ಮಲ್ಲಿ ಒಂದು ಗುಂಟೆ ಎಂದರೆ 33 ಅಡಿ ಗುಣಿಸು 33 ಅಡಿ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಒಂದು ತ್ರಿಕೋನದ ಜಮೀನಿನ ಉದ್ದ ಬದಿ 132 ಅಡಿ, ಎದುರು ಮೂಲೆಯ ಗಡಿ ಕಲ್ಲಿನಿಂದ ಆ ಬದಿಗೆ ಆಫ್‌ಸೆಟ್ 99 ಅಡಿ ಎಂದಿಟ್ಟುಕೊಳ್ಳಿ. 132 × 99 ÷ 2 = 6534 ಚದರ ಅಡಿ. 1089 ರಿಂದ ಭಾಗಿಸಿದರೆ ಸರಿಯಾಗಿ 6 ಗುಂಟೆ.

ಕಷ್ಟ ಇರುವುದು 99 ನ್ನು ಸರಿಯಾಗಿ ತೆಗೆಯುವುದರಲ್ಲಿ. ಉದ್ದ ಬದಿಗೆ ಹಗ್ಗ ಬಿಗಿದು ಕಟ್ಟಿ. ಟೇಪಿನ ಸೊನ್ನೆಯನ್ನು ಗಡಿ ಕಲ್ಲಿನ ಮೇಲೆ ಹಿಡಿಯಲು ಒಬ್ಬರು ಬೇಕು. ಇನ್ನೊಬ್ಬರು ಟೇಪನ್ನು ಹಗ್ಗದ ಮೇಲೆ ಆಚೀಚೆ ಆಡಿಸುತ್ತ ಹೋಗಿ, ಅತಿ ಕಡಿಮೆ ಓದು ಎಲ್ಲಿ ಬರುತ್ತದೋ ಅದನ್ನು ಬರೆದುಕೊಳ್ಳಿ. ಲಂಬದೂರವೇ ಎಲ್ಲಕ್ಕಿಂತ ಚಿಕ್ಕದು, ಹಾಗಾಗಿ ಇದು ಕೆಲಸ ಮಾಡುತ್ತದೆ. ನೆಲ ಇಳಿಜಾರಾಗಿದ್ದರೆ ಟೇಪನ್ನು ನೆಲಕ್ಕೆ ಒತ್ತದೆ ಮಟ್ಟವಾಗಿ ಎತ್ತಿ ಹಿಡಿಯಬೇಕು, ದಾಖಲೆಯ ವಿಸ್ತೀರ್ಣ ಮಟ್ಟದ ನೆಲದ್ದು.

ಇದರಲ್ಲಿ ಒಂದು ಮಜಾ ಇದೆ. ಸರಿಯಾದ ಜಾಗದಿಂದ ಹಗ್ಗದ ಉದ್ದಕ್ಕೆ 5 ಅಡಿ ಪಕ್ಕಕ್ಕೆ ಸರಿದರೂ ಓದು √(99² + 5²), ಅಂದರೆ ಸುಮಾರು 99.13 ಅಡಿ. ಒಂದೂವರೆ ಅಂಗುಲ ಮಾತ್ರ ಹೆಚ್ಚು. ಹಾಗಾಗಿ ವಿಸ್ತೀರ್ಣಕ್ಕೆ ಈ ವಿಧಾನ ಧಾರಾಳವಾಗಿ ಸಾಕು, ಆದರೆ ಲಂಬದ ಬುಡಕ್ಕೆ ಗೂಟ ಹೊಡೆಯಬೇಕಾದರೆ ಸಾಲದು. ಬುಡ ಬೇಕಿದ್ದರೆ ಟೇಪನ್ನು 110 ಅಡಿಗೆ ಹಿಡಿದು ಹಗ್ಗವನ್ನು ಎರಡು ಕಡೆ ಕತ್ತರಿಸುವ ಜಾಗಗಳಿಗೆ ಗುರುತು ಹಾಕಿ. ಆ ಎರಡು ಗುರುತುಗಳ ಸರಿ ಮಧ್ಯವೇ ಲಂಬದ ಬುಡ. ಈ ಜಮೀನಿನಲ್ಲಿ ಮಧ್ಯದಿಂದ ಎರಡೂ ಕಡೆಗೆ ಸುಮಾರು 48 ಅಡಿಯಲ್ಲಿ ಗುರುತು ಬೀಳುತ್ತದೆ.

ಕಣ್ಣಂದಾಜಿನಲ್ಲಿ ಲಂಬ ಹಿಡಿದರೆ ಏನಾಗುತ್ತದೆ? 10 ಡಿಗ್ರಿ ಓರೆಯಾದರೆ ನೀವು ಹಗ್ಗ ಮುಟ್ಟುವ ಜಾಗ ಹದಿನೇಳೂವರೆ ಅಡಿ ಪಕ್ಕಕ್ಕೆ ಹೋಗಿರುತ್ತದೆ, ಓದು 100.5 ಅಡಿ ಬರುತ್ತದೆ. ವಿಸ್ತೀರ್ಣ ಸುಮಾರು 100 ಚದರ ಅಡಿ ಹೆಚ್ಚು ಬಂತು. ಗುಂಟೆಗೆ 16 ಆಣೆಯ ಲೆಕ್ಕದಲ್ಲಿ ಒಂದೂವರೆ ಆಣೆ. ಗಮನಿಸಿ, ಓರೆಯ ತಪ್ಪು ಯಾವಾಗಲೂ ಹೆಚ್ಚಿಗೆಯ ಕಡೆಗೇ ಹೋಗುತ್ತದೆ. ಮಾರುವವರಿಗೆ ಲಾಭ, ಕೊಳ್ಳುವವರು ನೋಡಿಕೊಳ್ಳಬೇಕು.

ಈಗ ಅದೇ 132 ಅಡಿ ಗೆರೆಯ ಆಚೆ ಮಗ್ಗುಲಲ್ಲಿ ಇನ್ನೊಂದು ಮೂಲೆ ಇದ್ದು, ಅದರ ಆಫ್‌ಸೆಟ್ 66 ಅಡಿ ಎನ್ನಿ. ಆ ತ್ರಿಭುಜ 132 × 66 ÷ 2 = 4356 ಚದರ ಅಡಿ, 4 ಗುಂಟೆ. ಇಡೀ ಚತುರ್ಭುಜ 10 ಗುಂಟೆ, ಕಾಲು ಎಕರೆ.

ಎಷ್ಟೋ ಕಡೆ ಇಂಥ ಜಮೀನನ್ನು ಎದುರುಬದುರು ಬದಿಗಳ ಸರಾಸರಿ ತೆಗೆದು, ಎರಡು ಸರಾಸರಿಗಳನ್ನು ಗುಣಿಸಿ ಅಳೆಯುತ್ತಾರೆ. ಎರಡೂ ಲಂಬಗಳು ಗೆರೆಯ ಮಧ್ಯಕ್ಕೇ ಬಿದ್ದಿವೆ ಎಂದಿಟ್ಟುಕೊಂಡರೆ ನಾಲ್ಕು ಬದಿಗಳು ಸುಮಾರು 119, 119, 93.3, 93.3 ಅಡಿ. ಎದುರು ಬದಿಗಳ ಸರಾಸರಿ ಎರಡು ಸಲವೂ ಸುಮಾರು 106.2. ಗುಣಿಸಿದರೆ ಹೆಚ್ಚು ಕಡಿಮೆ 11,270 ಚದರ ಅಡಿ. ನಿಜವಾದದ್ದು 10,890. ಗುಂಟೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ. ಈ ವಿಧಾನ ಆಯತಕ್ಕೆ ಮಾತ್ರ ನಿಖರ, ಮಿಕ್ಕ ಎಲ್ಲ ಚತುರ್ಭುಜಗಳಿಗೂ ಹೆಚ್ಚೇ ತೋರಿಸುತ್ತದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಕ್ಷೇತ್ರಗಳ ವಿಸ್ತೀರ್ಣಕ್ಕೆ ವ್ಯವಹಾರದ ಅಂದಾಜು ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಎಂದು ವಿಂಗಡಿಸಿಯೇ ಬರೆದಿದ್ದಾರೆ. ಅಂದಾಜನ್ನು ನಿಖರ ಅಂದುಕೊಳ್ಳುವುದು ಓದುವವರ ತಪ್ಪು.

ಎಕ್ಸೆಲ್‌ನಲ್ಲಿ, ಮತ್ತು ಫೋನಿನ ಜಿಪಿಎಸ್‌ನಲ್ಲಿ

ತುಂಬ ಬಿಂದುಗಳಿದ್ದರೆ ಎಕ್ಸೆಲ್ ಬಳಸಿ. A ಯ x, y ಗಳನ್ನು A2, B2 ಮನೆಗಳಲ್ಲಿ, B ಯವನ್ನು A3, B3 ರಲ್ಲಿ, P ಯವನ್ನು A4, B4 ರಲ್ಲಿ ಬರೆಯಿರಿ. ಮೊದಲ ಸಾಲು ವಿಸ್ತೀರ್ಣ, ಎರಡನೆಯದು ದೂರ:

```
=ABS((A3-A2)*(B4-B2)-(B3-B2)*(A4-A2))/2
=ABS((A3-A2)*(B4-B2)-(B3-B2)*(A4-A2))/SQRT((A3-A2)^2+(B3-B2)^2)
```

ನಮ್ಮ ಮೂರು ಬಿಂದು ಹಾಕಿ, 29 ಮತ್ತು 5.8 ಬರಬೇಕು. ಎರಡನೆಯದರಲ್ಲಿ #DIV/0! ಬಂದರೆ A ಮತ್ತು B ಒಂದೇ ಬಿಂದು ಆಗಿವೆ, ರೇಖೆಯೇ ಇಲ್ಲ. ಇಲ್ಲೂ A ಯನ್ನು ಮೊದಲೇ ಕಳೆದಿದ್ದೇವೆ ಎನ್ನುವುದನ್ನು ನೋಡಿ. ಅದು ಅಂದಕ್ಕಲ್ಲ. ಸರ್ವೆಯಲ್ಲಿ ಬಳಸುವ ಯುಟಿಎಂ ನಿರ್ದೇಶಾಂಕಗಳು ಬೆಂಗಳೂರಿನ ಹತ್ತಿರ ಅಡ್ಡಕ್ಕೆ ಸುಮಾರು 7,80,000 ಮೀಟರ್, ಮೇಲಕ್ಕೆ ಸುಮಾರು 14,34,000 ಮೀಟರ್ ಇರುತ್ತವೆ. ಕಳೆಯದೆ ನೇರ ಗುಣಿಸಿದರೆ 13 ಅಂಕಿಯ ಸಂಖ್ಯೆಗಳು ಬರುತ್ತವೆ, ಅವುಗಳ ನಡುವಿನ ಕೆಲವೇ ನೂರರ ವ್ಯತ್ಯಾಸ ನಮಗೆ ಬೇಕಾದ ವಿಸ್ತೀರ್ಣ. ಸಾದಾ ಕ್ಯಾಲ್ಕುಲೇಟರಿನಲ್ಲಿ ಕೊನೆಯ ಅಂಕಿಗಳು ಉದುರಿಹೋಗಿ ಉತ್ತರ ಕೆಡುತ್ತದೆ. ಮೊದಲೇ ಕಳೆದರೆ ಎರಡು ಮೂರು ಅಂಕಿಯ ಸಂಖ್ಯೆಗಳಷ್ಟೇ ಉಳಿಯುತ್ತವೆ.

ಫೋನಿನಲ್ಲಿ ಸಿಗುವುದು ಅಕ್ಷಾಂಶ, ರೇಖಾಂಶದ ಡಿಗ್ರಿಗಳು. ಅವನ್ನು x, y ಎಂದು ನೇರವಾಗಿ ಹಾಕಬೇಡಿ. 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108.5 ಕಿಲೋಮೀಟರ್, ಒಂದು ಡಿಗ್ರಿ ಅಕ್ಷಾಂಶ ಸುಮಾರು 110.6 ಕಿಲೋಮೀಟರ್. ಎರಡು ದಿಕ್ಕಿಗೂ ಅಳತೆಗೋಲು ಬೇರೆಯಾದರೆ ಲಂಬ ಲಂಬವಾಗಿ ಉಳಿಯುವುದಿಲ್ಲ. ಮೊದಲು A ಯನ್ನು ಕಳೆಯಿರಿ, ರೇಖಾಂಶದ ವ್ಯತ್ಯಾಸವನ್ನು 1,08,500 ರಿಂದಲೂ ಅಕ್ಷಾಂಶದ ವ್ಯತ್ಯಾಸವನ್ನು 1,10,600 ರಿಂದಲೂ ಗುಣಿಸಿ ಮೀಟರಿಗೆ ತನ್ನಿ. ಆಮೇಲೆ ಸೂತ್ರ ಹಚ್ಚಿ. ಒಂದು ಜಮೀನಿನಷ್ಟು ಜಾಗಕ್ಕೆ ಭೂಮಿಯನ್ನು ಸಮತಲ ಅಂದುಕೊಂಡರೆ ಏನೂ ತೊಂದರೆ ಇಲ್ಲ.

ತೊಂದರೆ ಇರುವುದು ಫೋನಿನ ನಿಖರತೆಯಲ್ಲಿ. ಬಯಲಿನಲ್ಲಿ ನಿಂತರೂ ಮಾಮೂಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. 5 ಮೀಟರ್ ಎಂದರೆ 16.4 ಅಡಿ. ಮೇಲಿನ ತ್ರಿಕೋನದ ಜಮೀನಿನಲ್ಲಿ ಆಫ್‌ಸೆಟ್ ಅಷ್ಟು ತಪ್ಪಿದರೆ ವಿಸ್ತೀರ್ಣ 132 × 16.4 ÷ 2, ಸುಮಾರು 1082 ಚದರ ಅಡಿ ತಪ್ಪುತ್ತದೆ. ಅದು ಹೆಚ್ಚು ಕಡಿಮೆ ಒಂದು ಗುಂಟೆ. ಆರು ಗುಂಟೆ ಇರುವ ಜಾಗ ಫೋನಿನಲ್ಲಿ ಐದಾಗಿಯೂ ಕಾಣಬಹುದು, ಏಳಾಗಿಯೂ ಕಾಣಬಹುದು. ಹತ್ತಾರು ಎಕರೆಯ ತೋಟದ ಅಂದಾಜಿಗೆ ಫೋನು ನಡೆಯುತ್ತದೆ. ಗುಂಟೆ, ಆಣೆ ಲೆಕ್ಕದ ಜಾಗಕ್ಕೆ ಹಗ್ಗ, ಟೇಪು ಮತ್ತು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.